ಪ್ರಶ್ನೆ ಒಂದೇ, ಭಾಷೆ ಎರಡು: ಇತಿಹಾಸದ ಪ್ರಶ್ನೆಪತ್ರಿಕೆ ಅನುವಾದಕ್ಕೆ ಸಮಗ್ರ ಮಾರ್ಗದರ್ಶಿ

ಕೆಲವು ವರ್ಷಗಳ ಹಿಂದೆ ದ್ವಿತೀಯ ಪಿಯುಸಿ ಪೂರ್ವಸಿದ್ಧತಾ ಪರೀಕ್ಷೆಯ ಇತಿಹಾಸ ಪತ್ರಿಕೆಯನ್ನು ಇಂಗ್ಲಿಷ್‌ನಿಂದ ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಹತ್ತು ಅಂಕದ ಒಂದು ಪ್ರಶ್ನೆ 'ಅಕೌಂಟ್ ಫಾರ್ ದ ಫಾಲ್ ಆಫ್ ದ ವಿಜಯನಗರ ಎಂಪೈರ್' ಎಂದಿತ್ತು. ನಾನು 'ವಿಜಯನಗರ ಸಾಮ್ರಾಜ್ಯದ ಪತನವನ್ನು ವಿವರಿಸಿ' ಎಂದು ಬರೆದೆ. ಓದಲು ಚೆನ್ನಾಗಿಯೇ ಇತ್ತು. ಕರಡು ನೋಡಿದ ಇಬ್ಬರೂ ಏನೂ ಹೇಳಲಿಲ್ಲ.

ತಪ್ಪು ಕಂಡಿದ್ದು ಪತ್ರಿಕೆ ತಿದ್ದುವ ದಿನ. ಇಂಗ್ಲಿಷ್ ಮಾಧ್ಯಮದವರ ಉತ್ತರದಲ್ಲಿ ಕಾರಣಗಳಿದ್ದವು. ಸುಲ್ತಾನರನ್ನು ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟಿದ ಅಳಿಯ ರಾಮರಾಯನ ನೀತಿ, ಅದರಿಂದ ಅವರೆಲ್ಲ ಒಂದಾದದ್ದು, ಕೃಷ್ಣದೇವರಾಯನ ನಂತರದ ಗದ್ದುಗೆಯ ಜಗಳ, ನಾಯಕರು ಸ್ವತಂತ್ರರಾಗುತ್ತಾ ಹೋದದ್ದು. ಕನ್ನಡ ಮಾಧ್ಯಮದವರ ಉತ್ತರದಲ್ಲಿ ಕಥೆಯಿತ್ತು. 1565ರ ಜನವರಿ, ರಕ್ಕಸಗಿ-ತಂಗಡಗಿ ಬಯಲು, ರಾಮರಾಯ ಸೆರೆಸಿಕ್ಕು ತಲೆ ಕಳೆದುಕೊಂಡದ್ದು, ಹಂಪಿಯ ಲೂಟಿ. ಒಬ್ಬ ಹುಡುಗಿಯಂತೂ ಲೂಟಿಯನ್ನು ಒಂದು ಪುಟ ತುಂಬಾ ಬರೆದಿದ್ದಳು, ಕಣ್ಣಿಗೆ ಕಟ್ಟುವ ಹಾಗೆ. ಆದರೆ ಮೌಲ್ಯಮಾಪನದ ಸ್ಕೀಮ್‌ನಲ್ಲಿ ಅಂಕ ಇದ್ದದ್ದು ಕಾರಣಗಳಿಗೆ ಮಾತ್ರ. ಆ ಮಕ್ಕಳು ತಪ್ಪು ಮಾಡಿರಲಿಲ್ಲ. ನಾನು ಕೇಳಿದ್ದನ್ನೇ ಬರೆದಿದ್ದರು.

'ಅಕೌಂಟ್ ಫಾರ್' ಅಂದರೆ 'ಏಕೆ ಆಯಿತು ಹೇಳಿ' ಎಂದು. 'ಗಿವ್ ಆ್ಯನ್ ಅಕೌಂಟ್ ಆಫ್' ಅಂದರೆ 'ಏನಾಯಿತು ಹೇಳಿ' ಎಂದು. ನಾನು ಮೊದಲನೆಯದನ್ನು ಎರಡನೆಯದೆಂದು ಓದಿದ್ದೆ. ಆಮೇಲೆ 'ವಿವರಿಸಿ' ಎಂಬ ಒಂದು ಪದ ಆ ತಪ್ಪನ್ನು ಸುಲಭವಾಗಿ ಮುಚ್ಚಿಹಾಕಿತು. ಅವತ್ತಿನಿಂದ ಪ್ರಶ್ನೆಪತ್ರಿಕೆಯ ಅನುವಾದವನ್ನು ನಾನು ಮಾಡುವ ರೀತಿಯೇ ಬದಲಾಯಿತು. ಆ ರೀತಿಯನ್ನು ಇಲ್ಲಿ ಹಂತಹಂತವಾಗಿ ಹೇಳುತ್ತೇನೆ. ಉದಾಹರಣೆಗಳೆಲ್ಲ ಪಿಯು ಮತ್ತು ಪ್ರೌಢಶಾಲೆಯ ಇತಿಹಾಸದವು. ಸ್ಪರ್ಧಾತ್ಮಕ ಪರೀಕ್ಷೆಗಳಿಗೂ ಇವು ಹೊಂದುತ್ತವೆ. 2024ರ ಆಗಸ್ಟ್‌ನಲ್ಲಿ ನಡೆದ ಕೆಪಿಎಸ್‌ಸಿ ಗೆಜೆಟೆಡ್ ಪ್ರೊಬೇಷನರ್ ಪೂರ್ವಭಾವಿ ಪರೀಕ್ಷೆಯನ್ನು ಕನ್ನಡ ಅನುವಾದದ ತಪ್ಪುಗಳ ಕಾರಣಕ್ಕೆ ಡಿಸೆಂಬರ್‌ನಲ್ಲಿ ಮತ್ತೆ ನಡೆಸಬೇಕಾಯಿತು ಎಂಬುದು ಅಭ್ಯರ್ಥಿಗಳಿಗೆಲ್ಲ ನೆನಪಿದೆ.

ಮೊದಲ ಹಂತ: ಅನುವಾದಕ್ಕೆ ಮುಂಚೆ ಸ್ಕೀಮ್ ಓದಿ

ಪ್ರಶ್ನೆಯನ್ನು ನೋಡಿದ ಕೂಡಲೇ ಪೆನ್ನು ಎತ್ತಬೇಡಿ. ಮೊದಲು ಆ ಪ್ರಶ್ನೆಗೆ ಪತ್ರಿಕೆ ತಯಾರಿಸಿದವರು ಬರೆದ ಸ್ಕೀಮ್ ಕೇಳಿ ಪಡೆಯಿರಿ. ಸ್ಕೀಮ್ ಇಲ್ಲದಿದ್ದರೆ ನೀವೇ ಐದಾರು ಸಾಲಿನ ಮಾದರಿ ಉತ್ತರ ಬರೆದು, ಯಾವ ಅಂಶಕ್ಕೆ ಎಷ್ಟು ಅಂಕ ಎಂದು ಪಕ್ಕದಲ್ಲಿ ಗುರುತಿಸಿ. ಪ್ರಶ್ನೆ ನಿಜವಾಗಿ ಏನು ಕೇಳುತ್ತಿದೆ ಎಂಬುದು ಅಲ್ಲಿ ಕಾಣುತ್ತದೆ.

ನಂತರ ಮೂಲ ಪ್ರಶ್ನೆಯಲ್ಲಿ ನಾಲ್ಕು ಭಾಗಗಳಿಗೆ ಗೆರೆ ಎಳೆಯಿರಿ: ಆದೇಶ ಪದ, ವಿಷಯ, ಮಿತಿ, ಅಂಕ. ಆದೇಶ ಪದ ಅಂದರೆ ಹೆಸರಿಸಿ, ವಿವರಿಸಿ, ಸಮರ್ಥಿಸಿ ಎಂದು ಕೆಲಸ ಹೇಳುವ ಮಾತು. ಮಿತಿ ಅಂದರೆ 'ಯಾವುದಾದರೂ ಎರಡು', '1857ರ ನಂತರ', 'ಆರ್ಥಿಕ ಪರಿಣಾಮಗಳು ಮಾತ್ರ' ಎನ್ನುವಂಥವು. ಅನುವಾದದಲ್ಲಿ ಬಿದ್ದುಹೋಗುವುದು ಹೆಚ್ಚಾಗಿ ಇದೇ ಮಿತಿ. 'ಎಕನಾಮಿಕ್ ಕಾಸಸ್' ಎಂಬುದು ಸುಮ್ನೆ 'ಕಾರಣಗಳು' ಆಗಿಬಿಟ್ಟರೆ ಕನ್ನಡದ ಹುಡುಗ ರಾಜಕೀಯ ಕಾರಣಗಳನ್ನೂ ಬರೆದು ಹದಿನೈದು ನಿಮಿಷ ಕಳೆದುಕೊಳ್ಳುತ್ತಾನೆ. ಅದಕ್ಕೆ ಅಂಕವೂ ಸಿಗುವುದಿಲ್ಲ.

ಅಂಕದ ಜೊತೆ ಉದ್ದವನ್ನೂ ನೋಡಿಕೊಳ್ಳಿ. ಪಿಯು ಇತಿಹಾಸದಲ್ಲಿ '15 ರಿಂದ 20 ವಾಕ್ಯಗಳಲ್ಲಿ', '30 ರಿಂದ 40 ವಾಕ್ಯಗಳಲ್ಲಿ' ಎಂದು ಕೇಳುವ ರೂಢಿಯಿದೆ. ಇದು ಎರಡೂ ಭಾಷೆಗೆ ಹೆಚ್ಚುಕಡಿಮೆ ಸಮನಾಗಿ ಕೂರುತ್ತದೆ. ಪದಗಳ ಲೆಕ್ಕದಲ್ಲಿ ಮಿತಿ ಹಾಕಿದರೆ ಹಾಗಲ್ಲ. ಕನ್ನಡದಲ್ಲಿ ವಿಭಕ್ತಿ ಪದಕ್ಕೇ ಅಂಟಿಕೊಳ್ಳುತ್ತದೆ. 'ಇನ್ ದ ಎಂಪೈರ್' ಮೂರು ಪದ, 'ಸಾಮ್ರಾಜ್ಯದಲ್ಲಿ' ಒಂದೇ ಪದ. ಹಾಗಾಗಿ 200 ಪದಗಳಲ್ಲಿ ಕನ್ನಡದವರಿಗೆ ಜಾಸ್ತಿ ವಿಷಯ ಹೇಳಲು ಜಾಗ ಸಿಗುತ್ತದೆ. ಮಿತಿ ಹಾಕುವ ಅಧಿಕಾರ ನಿಮಗಿದ್ದರೆ ವಾಕ್ಯದ ಅಥವಾ ಪುಟದ ಲೆಕ್ಕ ಇಡಿ.

ಎರಡನೇ ಹಂತ: ಆದೇಶ ಪದಗಳನ್ನು ಜೋಡಿ ಮಾಡಿ

ನಮ್ಮ ದೊಡ್ಡ ತೊಂದರೆ 'ವಿವರಿಸಿ'. ಡಿಸ್ಕ್ರೈಬ್ ಬಂದರೂ ವಿವರಿಸಿ, ಎಕ್ಸ್‌ಪ್ಲೇನ್ ಬಂದರೂ ವಿವರಿಸಿ, ಡಿಸ್ಕಸ್, ಟ್ರೇಸ್, ಎಕ್ಸಾಮಿನ್ ಬಂದರೂ ವಿವರಿಸಿ. ಇಂಗ್ಲಿಷ್‌ನಲ್ಲಿ ಐದು ಬೇರೆ ಕೆಲಸ, ಕನ್ನಡದಲ್ಲಿ ಒಂದೇ. ಇದನ್ನು ಸರಿಮಾಡಲು ಐದು ಹೊಸ ಸಂಸ್ಕೃತ ಪದ ಹುಡುಕುವ ಅಗತ್ಯವಿಲ್ಲ. ಮಕ್ಕಳು ಕೇಳಿರದ ಆದೇಶ ಪದ ಹಾಕಿದರೆ ಪ್ರಶ್ನೆ ಇನ್ನೂ ಕಷ್ಟವಾಗುತ್ತದೆ. ಕನ್ನಡದಲ್ಲಿ ಈ ಕೆಲಸವನ್ನು ಪ್ರಶ್ನಾರ್ಥಕ ಪದಗಳು ಚೆನ್ನಾಗಿ ಮಾಡುತ್ತವೆ. 'ವಿವರಿಸಿ' ಇರಲಿ, ಅದರ ಹಿಂದೆ ಹೇಗಿತ್ತು, ಹೇಗೆ, ಏಕೆ ಎಂಬುದರಲ್ಲಿ ಒಂದನ್ನು ಕೂರಿಸಿ.

ಡಿಸ್ಕ್ರೈಬ್ ಅಂದರೆ ಒಂದು ಸ್ಥಿತಿಯನ್ನು ಕಟ್ಟಿಕೊಡುವುದು: 'ವಿಜಯನಗರದ ಆಡಳಿತ ಹೇಗಿತ್ತು? ವಿವರಿಸಿ.' ಎಕ್ಸ್‌ಪ್ಲೇನ್ ಅಂದರೆ ಸಂಬಂಧ ತೋರಿಸುವುದು: 'ಸಹಾಯಕ ಸೈನ್ಯ ಪದ್ಧತಿಯಿಂದ ದೇಶೀಯ ರಾಜರು ಹೇಗೆ ದುರ್ಬಲರಾದರು? ವಿವರಿಸಿ.' ಅಕೌಂಟ್ ಫಾರ್ ಬಂದರೆ ಕಾರಣ ಎಂಬ ಪದ ಬರಲೇಬೇಕು: 'ಅವನತಿಗೆ ಕಾರಣಗಳೇನು? ವಿವರಿಸಿ.' ಟ್ರೇಸ್ ಬಂದರೆ ಕಾಲದ ಸರಣಿ ಬೇಕು: 'ಹೇಗೆ ಬೆಳೆಯಿತು ಎಂಬುದನ್ನು ಕಾಲಕ್ರಮದಲ್ಲಿ ಬರೆಯಿರಿ.' ಇಷ್ಟು ಮಾಡಿದರೆ ಅರ್ಧಕ್ಕಿಂತ ಹೆಚ್ಚು ಪ್ರಶ್ನೆಗಳು ನೆಟ್ಟಗಾಗುತ್ತವೆ.

ಡಿಸ್ಕಸ್ ಸ್ವಲ್ಪ ಬೇರೆ. 'ಚರ್ಚಿಸಿ' ಎಂಬ ಒಳ್ಳೆಯ ಜೋಡಿ ಇದೆ. ಆದರೆ ಎಷ್ಟೋ ಸಲ ಪತ್ರಿಕೆ ತಯಾರಿಸಿದವರೇ ಡಿಸ್ಕಸ್ ಎಂದು ಬರೆದು, ಸ್ಕೀಮ್‌ನಲ್ಲಿ ಆರು ಅಂಶಗಳ ಪಟ್ಟಿ ಕೊಟ್ಟಿರುತ್ತಾರೆ. ಎರಡು ಕಡೆಯ ವಾದಕ್ಕೆ ಅಲ್ಲಿ ಒಂದು ಅಂಕವೂ ಇರುವುದಿಲ್ಲ. ಅಂಥಲ್ಲಿ ಕನ್ನಡದಲ್ಲಿ 'ಚರ್ಚಿಸಿ' ಎಂದು ನಿಷ್ಠೆಯಿಂದ ಹಾಕಿದರೆ, ಪದವನ್ನು ಗಂಭೀರವಾಗಿ ತೆಗೆದುಕೊಂಡ ಹುಡುಗನಿಗೇ ನಷ್ಟ. ಮೂಲವನ್ನೇ ಬದಲಿಸಲು ಕೇಳಿ. ಅನುವಾದಕ ಮೂಲವನ್ನು ಮುಟ್ಟಬಾರದು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಪತ್ರಿಕೆಯನ್ನು ಪದಪದವಾಗಿ ಓದುವ ಮೊದಲ ಮನುಷ್ಯ ಅನುವಾದಕನೇ.

ಇನ್ನು ಅಸೆಸ್, ಇವ್ಯಾಲ್ಯುಯೇಟ್. ಇವಕ್ಕೆ 'ಮೌಲ್ಯಮಾಪನ ಮಾಡಿ' ಎಂದು ಹಾಕುವುದು ರೂಢಿ. ಆದರೆ ಹದಿನೇಳು ವರ್ಷದ ಹುಡುಗಿಗೆ ಮೌಲ್ಯಮಾಪನ ಅಂದರೆ ಪತ್ರಿಕೆ ತಿದ್ದುವುದು, ಅಲ್ವಾ? 'ಕೃಷ್ಣದೇವರಾಯನ ಸಾಧನೆಗಳನ್ನು ಮೌಲ್ಯಮಾಪನ ಮಾಡಿ' ಎಂದರೆ ಅವಳು ಸಾಧನೆಗಳ ಪಟ್ಟಿ ಕೊಡುತ್ತಾಳೆ. ಹಾಗಂತ 'ಸಾಧನೆ ಮತ್ತು ಮಿತಿ ಎರಡನ್ನೂ ತೂಗಿ ನೋಡಿ, ನಿಮ್ಮ ತೀರ್ಮಾನ ಬರೆಯಿರಿ' ಎಂದು ಬಿಡಿಸಿ ಬರೆದರೆ ಅರ್ಥ ಸ್ಪಷ್ಟವಾಗುತ್ತದೆ, ಆದರೆ ತಕ್ಕಡಿ ಇನ್ನೊಂದು ಕಡೆ ವಾಲುತ್ತದೆ. ಅಸೆಸ್ ಎಂದರೆ ಎರಡೂ ಕಡೆ ನೋಡಬೇಕು ಎಂದು ತಿಳಿದಿರುವುದೇ ಅಲ್ಲಿ ಪರೀಕ್ಷೆಯ ಒಂದು ಭಾಗ. ಅದನ್ನು ಕನ್ನಡದವರಿಗೆ ಹೇಳಿಕೊಟ್ಟು ಇಂಗ್ಲಿಷ್‌ನವರಿಗೆ ಹೇಳದಿದ್ದರೆ ಅನ್ಯಾಯ.

ಇದಕ್ಕೆ ನಾನು ಪಾಲಿಸುವ ನಿಯಮ: ಒಂದು ಭಾಷೆಯಲ್ಲಿ ಬಿಡಿಸಿ ಬರೆದರೆ ಇನ್ನೊಂದರಲ್ಲೂ ಬಿಡಿಸಬೇಕು. ಇಂಗ್ಲಿಷ್‌ನಲ್ಲೂ ಸಾಧನೆ, ಮಿತಿ ಎರಡೂ ಪದ ಬರುವ ಹಾಗೆ ತಿದ್ದಿಸಿ. ಮೂಲ ತಿದ್ದಲು ಆಗದಿದ್ದರೆ 'ಮೌಲ್ಯಮಾಪನ' ಬಿಟ್ಟು 'ತೂಗಿ ನೋಡಿ' ಎಂಬ ಚಿಕ್ಕ ಮಾತು ಹಾಕಿ. 'ಕೃಷ್ಣದೇವರಾಯನ ಆಳ್ವಿಕೆಯನ್ನು ತೂಗಿ ನೋಡಿ' ಎನ್ನುವುದು ತಕ್ಕಡಿಯನ್ನು ಕಣ್ಣಮುಂದೆ ತರುತ್ತದೆ, ಆದರೆ ಯಾವ ತಟ್ಟೆಯಲ್ಲಿ ಏನಿಡಬೇಕು ಎಂದು ಹೇಳುವುದಿಲ್ಲ.

'ವಿಮರ್ಶಿಸಿ' ಎಂಬಲ್ಲೂ ಎಚ್ಚರ ಬೇಕು. ಕ್ರಿಟಿಕಲಿ ಎಕ್ಸಾಮಿನ್ ಎಂಬುದಕ್ಕೆ ಇದು ಹೊಂದುತ್ತದೆ, ಆದರೆ ಆಡುಮಾತಿನಲ್ಲಿ ವಿಮರ್ಶೆ ಅಂದರೆ ಟೀಕೆ ಎಂದುಕೊಳ್ಳುವವರು ಬಹಳ. ಪಠ್ಯದಲ್ಲೋ ಹಿಂದಿನ ಪತ್ರಿಕೆಗಳಲ್ಲೋ ಆ ಪದ ಬಳಸಿ ರೂಢಿಯಿದ್ದರೆ ಮಾತ್ರ ಹಾಕಿ.

ಜಸ್ಟಿಫೈ ಮತ್ತು 'ಡು ಯು ಅಗ್ರೀ' ಎರಡನ್ನೂ 'ಸಮರ್ಥಿಸಿ' ಮಾಡುವುದು ಇನ್ನೊಂದು ಸಾಮಾನ್ಯ ತಪ್ಪು. ಮೊದಲನೆಯದರಲ್ಲಿ ಹೇಳಿಕೆಯ ಪರ ನಿಲ್ಲಲೇಬೇಕು. ಎರಡನೆಯದರಲ್ಲಿ ವಿರೋಧಿಸುವ ಹಕ್ಕೂ ಇದೆ. ಅದಕ್ಕೆ 'ಈ ಮಾತನ್ನು ನೀವು ಒಪ್ಪುತ್ತೀರಾ? ಕಾರಣ ಕೊಡಿ' ಎಂಬುದು ಸರಿಯಾದ ಜೋಡಿ.

ಈ ಜೋಡಿಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಇಟ್ಟುಕೊಳ್ಳಿ. ಒಂದೇ ಪತ್ರಿಕೆಯಲ್ಲಿ 12ನೇ ಪ್ರಶ್ನೆಯ ಎಕ್ಸ್‌ಪ್ಲೇನ್ ಒಂದು ರೀತಿ, 30ನೆಯದು ಇನ್ನೊಂದು ರೀತಿ ಆಗಬಾರದು.

ಮೂರನೇ ಹಂತ: ಪದವೇ ಉತ್ತರ ಹೇಳಿಬಿಡುತ್ತಿದೆಯೇ ನೋಡಿ

ಆದೇಶ ಪದ ಸರಿ ಇದ್ದರೂ ಪ್ರಶ್ನೆ ಒಂದು ಭಾಷೆಯಲ್ಲಿ ತೀರಾ ಸುಲಭ ಆಗಿಬಿಡಬಹುದು. ನಮ್ಮ ಪಠ್ಯಪುಸ್ತಕಗಳ ಪಾರಿಭಾಷಿಕ ಪದಗಳಲ್ಲಿ ಎಷ್ಟೋ ಪದಗಳು ಅನುವಾದಕ್ಕಿಂತ ವಿವರಣೆಯೇ ಹೌದು.

ಡಾಕ್ಟ್ರಿನ್ ಆಫ್ ಲ್ಯಾಪ್ಸ್ ನೋಡಿ. ಡಾಲ್‌ಹೌಸಿಯ ಈ ನೀತಿಗೆ ಕನ್ನಡ ಪಠ್ಯದ ಹೆಸರು 'ದತ್ತು ಮಕ್ಕಳಿಗೆ ಹಕ್ಕಿಲ್ಲ ನೀತಿ'. ಇಂಗ್ಲಿಷ್‌ನಲ್ಲಿ 'ಡಾಕ್ಟ್ರಿನ್ ಆಫ್ ಲ್ಯಾಪ್ಸ್ ಅಂದರೇನು' ಎಂದು ಎರಡು ಅಂಕಕ್ಕೆ ಕೇಳಿದರೆ ಹುಡುಗ ನೆನಪಿಸಿಕೊಳ್ಳಬೇಕು. ಲ್ಯಾಪ್ಸ್ ಎಂಬ ಪದ ಅವನಿಗೆ ಏನೂ ಹೇಳುವುದಿಲ್ಲ. ಕನ್ನಡದಲ್ಲಿ ಅದೇ ಪ್ರಶ್ನೆ ಕೇಳಿದರೆ ಉತ್ತರದ ಅರ್ಧ ಪ್ರಶ್ನೆಯಲ್ಲೇ ಇದೆ. ಪರ್ಮನೆಂಟ್ ಸೆಟ್ಲ್‌ಮೆಂಟ್ ಇನ್ನೂ ಸ್ಪಷ್ಟ. 1793ರಲ್ಲಿ ಕಾರ್ನ್‌ವಾಲಿಸ್ ಬಂಗಾಳದಲ್ಲಿ ತಂದ ಈ ಪದ್ಧತಿಯನ್ನು ನಾವು 'ಖಾಯಂ ಜಮೀನ್ದಾರಿ ಪದ್ಧತಿ' ಎನ್ನುತ್ತೇವೆ. 'ಈ ಪದ್ಧತಿಯಲ್ಲಿ ಭೂಮಾಲೀಕರಾದವರು ಯಾರು' ಎಂದು ಕೇಳಿದರೆ ಕನ್ನಡದವರಿಗೆ ಅದು ಪ್ರಶ್ನೆಯೇ ಅಲ್ಲ. ಸಬ್ಸಿಡಿಯರಿ ಅಲೈಯನ್ಸ್ ಎಂಬುದರಲ್ಲಿ ಸೈನ್ಯದ ಸುಳಿವಿಲ್ಲ, 'ಸಹಾಯಕ ಸೈನ್ಯ ಪದ್ಧತಿ'ಯಲ್ಲಿ ಇದೆ.

ಇದಕ್ಕೆ ಮಾಡಬಾರದ್ದು ಒಂದಿದೆ. ಸೋರಿಕೆ ತಪ್ಪಿಸಲು 'ವ್ಯಪಗತ ಸಿದ್ಧಾಂತ' ಎಂಬಂಥ ಹೊಸ ಪದ ಕಟ್ಟಬೇಡಿ. ಮಕ್ಕಳು ಓದಿರುವುದು ಪಠ್ಯದ ಪದವನ್ನು. ಪರೀಕ್ಷಾ ಕೊಠಡಿಯಲ್ಲಿ ಹೊಸ ಪದ ಕಂಡರೆ ಗೊತ್ತಿದ್ದ ಉತ್ತರವೂ ಮರೆತುಹೋಗುತ್ತದೆ. ಪದವನ್ನು ಹಾಗೇ ಇಟ್ಟು, ಪ್ರಶ್ನೆಯ ಕೋನ ಬದಲಿಸಿ. 'ಅಂದರೇನು' ಎನ್ನುವ ಬದಲು 'ಈ ನೀತಿಯಡಿ ಬ್ರಿಟಿಷರು ವಶಪಡಿಸಿಕೊಂಡ ಯಾವುದಾದರೂ ಎರಡು ರಾಜ್ಯಗಳನ್ನು ಹೆಸರಿಸಿ' ಎಂದು ಎರಡೂ ಭಾಷೆಯಲ್ಲಿ ಕೇಳಿ. ಸತಾರಾ, ಝಾನ್ಸಿ, ನಾಗಪುರ ಇವನ್ನು ಯಾವ ಭಾಷೆಯ ಪದವೂ ಬಿಟ್ಟುಕೊಡುವುದಿಲ್ಲ. ಜಮೀನ್ದಾರಿ ಪದ್ಧತಿಯಲ್ಲಿ 'ಯಾರು' ಬಿಟ್ಟು 'ರೈತರ ಮೇಲೆ ಇದರ ಪರಿಣಾಮವೇನು' ಎಂದು ಕೇಳಿ.

ಸೋರಿಕೆಯನ್ನು ಹಿಡಿಯಲು ಸುಲಭ ದಾರಿಯಿದೆ. ಇತಿಹಾಸ ಓದದ ಒಬ್ಬರಿಗೆ, ಮನೆಯವರಾದರೂ ಸರಿ, ಹಳೆಯ ಪತ್ರಿಕೆಯ ಚಿಕ್ಕ ಪ್ರಶ್ನೆಗಳನ್ನು ಕನ್ನಡದಲ್ಲಿ ಓದಿಹೇಳಿ. ಅವರು ಊಹಿಸಿ ಸರಿಯುತ್ತರ ಕೊಟ್ಟ ಪದಗಳನ್ನೆಲ್ಲ ಬರೆದಿಟ್ಟುಕೊಳ್ಳಿ. ನನ್ನ ಹತ್ತಿರ ಅಂಥ ಪದಗಳ ಎರಡು ಪುಟದ ಪಟ್ಟಿ ಇದೆ. ಗೋಪ್ಯ ಪತ್ರಿಕೆಯನ್ನು ಮಾತ್ರ ಹೊರಗಿನವರಿಗೆ ತೋರಿಸುವಂತಿಲ್ಲ. ಅದಕ್ಕೇ ಪಟ್ಟಿ ಮೊದಲೇ ಕೈಯಲ್ಲಿರಬೇಕು.

ಕೆಲವು ಪದಗಳು ಉತ್ತರವನ್ನಲ್ಲ, ನಿಲುವನ್ನೇ ಹೇಳಿಬಿಡುತ್ತವೆ. '1857ರ ದಂಗೆ ಕೇವಲ ಸಿಪಾಯಿ ದಂಗೆಯೇ' ಎಂಬುದು ಇತಿಹಾಸಕಾರರು ಬಹಳ ಕಾಲ ವಾದ ಮಾಡಿದ ವಿಷಯ. ಇಂಗ್ಲಿಷ್‌ನಲ್ಲಿ 'ರಿವೋಲ್ಟ್ ಆಫ್ 1857' ಎಂದು ಕೇಳಿದ್ದನ್ನು ಅಭ್ಯಾಸಬಲದಿಂದ 'ಪ್ರಥಮ ಸ್ವಾತಂತ್ರ್ಯ ಸಂಗ್ರಾಮ' ಎಂದು ಬರೆದರೆ ಪ್ರಶ್ನೆ ಹೀಗಾಗುತ್ತದೆ: '1857ರ ಪ್ರಥಮ ಸ್ವಾತಂತ್ರ್ಯ ಸಂಗ್ರಾಮ ಕೇವಲ ಸಿಪಾಯಿ ದಂಗೆ. ಒಪ್ಪುತ್ತೀರಾ?' ವಾದದ ತೀರ್ಪು ಪ್ರಶ್ನೆಯ ಮೊದಲ ಪದದಲ್ಲೇ ಬಂದುಬಿಟ್ಟಿತು. ಇಲ್ಲಿ '1857ರ ಘಟನೆಗಳು' ಎಂದರೆ ಸಾಕು, ಇಂಗ್ಲಿಷ್‌ನಲ್ಲೂ 'ಇವೆಂಟ್ಸ್' ಎಂದು ಮಾಡಿಸಿ.

ನಾಲ್ಕನೇ ಹಂತ: ಉದ್ದ ವಾಕ್ಯವನ್ನು ಮುರಿಯಿರಿ

ಇಂಗ್ಲಿಷ್ ಪ್ರಶ್ನೆಯಲ್ಲಿ ಆದೇಶ ಪದ ಮೊದಲು ಬರುತ್ತದೆ. ಏನು ಮಾಡಬೇಕು ಎಂದು ತಿಳಿದುಕೊಂಡೇ ವಿದ್ಯಾರ್ಥಿ ಉಳಿದದ್ದನ್ನು ಓದುತ್ತಾನೆ. ಕನ್ನಡದಲ್ಲಿ ಅದು ಕೊನೆಗೆ ಬರುತ್ತದೆ. ಪ್ರಶ್ನೆ ಚಿಕ್ಕದಿದ್ದರೆ ಇದರಿಂದ ಏನೂ ತೊಂದರೆಯಿಲ್ಲ. ಉದ್ದವಾದಾಗ ಕನ್ನಡದ ಹುಡುಗ ಎಲ್ಲವನ್ನೂ ತಲೆಯಲ್ಲಿ ಹಿಡಿದುಕೊಂಡು ಕೊನೆಯವರೆಗೆ ಹೋಗಬೇಕು.

ಶ್ರೀರಂಗಪಟ್ಟಣ ಒಪ್ಪಂದದ ಮೇಲೆ ಬಂದ ಒಂದು ಪ್ರಶ್ನೆಯ ನೇರ ಅನುವಾದ ಹೀಗಿತ್ತು: 'ಟಿಪ್ಪುವಿನ ಅರ್ಧದಷ್ಟು ರಾಜ್ಯವನ್ನು ಕಸಿದುಕೊಂಡ ಹಾಗೂ ಯುದ್ಧವೆಚ್ಚವಾಗಿ ಅಪಾರ ಹಣವನ್ನು ವಿಧಿಸಿದ 1792ರ ಶ್ರೀರಂಗಪಟ್ಟಣ ಒಪ್ಪಂದವು ಮೈಸೂರನ್ನು ಆರ್ಥಿಕವಾಗಿ ಮತ್ತು ಸೈನಿಕವಾಗಿ ಹೇಗೆ ದುರ್ಬಲಗೊಳಿಸಿತು ಎಂಬುದನ್ನು ವಿವರಿಸಿ.' ವ್ಯಾಕರಣದಲ್ಲಿ ತಪ್ಪಿಲ್ಲ. ಆದರೆ ಒಪ್ಪಂದದ ಹೆಸರು ಬರುವ ಹೊತ್ತಿಗೆ ಹತ್ತು ಪದ ಕಳೆದಿದೆ. ಅದನ್ನು ಹೀಗೆ ಮುರಿದೆ: '1792ರ ಶ್ರೀರಂಗಪಟ್ಟಣ ಒಪ್ಪಂದದಂತೆ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟು, ದೊಡ್ಡ ಮೊತ್ತದ ಯುದ್ಧವೆಚ್ಚ ಕೊಡಬೇಕಾಯಿತು. ಇದರಿಂದ ಮೈಸೂರಿನ ಆರ್ಥಿಕ ಬಲ ಮತ್ತು ಸೇನಾಬಲ ಹೇಗೆ ಕುಗ್ಗಿತು? ವಿವರಿಸಿ.' ಮಾಹಿತಿ ಅಷ್ಟೇ. ಒಂದು ಸುಳಿವೂ ಸೇರಿಲ್ಲ, ಒಂದೂ ಬಿಟ್ಟಿಲ್ಲ. ಮುರಿಯುವಾಗ ಗಮನಿಸಬೇಕಾದದ್ದು ಅದೇ. ಯುದ್ಧವೆಚ್ಚ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ ಎಂದು ನಿಮಗೆ ಗೊತ್ತಿರಬಹುದು. ಮೂಲದಲ್ಲಿ ಮೊತ್ತ ಇಲ್ಲದಿದ್ದರೆ ಅನುವಾದದಲ್ಲೂ ಬೇಡ, ಏಕೆಂದರೆ ಸ್ಕೀಮ್‌ನಲ್ಲಿ ಅದಕ್ಕೆ ಅಂಕವಿರಬಹುದು.

ಐದನೇ ಹಂತ: ಅಲ್ಲ, ಮಾತ್ರ, ಎರಡೂ

ಬಹು ಆಯ್ಕೆ ಪ್ರಶ್ನೆಗಳಲ್ಲಿ ಅನುವಾದ ಕೆಡುವುದು ಈ ಚಿಕ್ಕ ಪದಗಳಲ್ಲಿ. ಇಂಗ್ಲಿಷ್‌ನಲ್ಲಿ 'ನಾಟ್' ಒಂಟಿಯಾಗಿ ನಿಲ್ಲುತ್ತದೆ, ದಪ್ಪ ಅಕ್ಷರದಲ್ಲಿ ಅಚ್ಚಾಗುತ್ತದೆ. ಕನ್ನಡದಲ್ಲಿ 'ಸರಿಯಲ್ಲದ' ಎಂದು ಪದದ ಒಳಗೆ ಅಡಗಿಕೊಳ್ಳುತ್ತದೆ. ಬೇಗ ಓದುವ ಕಣ್ಣಿಗೆ ಅದು 'ಸರಿಯಾದ' ಎಂದೇ ಕಾಣುತ್ತದೆ. ಹಾಗಾಗಿ 'ಇವುಗಳಲ್ಲಿ ಯಾವುದು ಸರಿ ಅಲ್ಲ?' ಎಂದು ಬಿಡಿಸಿ ಬರೆದು, 'ಅಲ್ಲ' ಎಂಬುದನ್ನು ದಪ್ಪಗೆ ಮಾಡಿಸಿ. ಡಿಟಿಪಿ ಮಾಡುವವರಿಗೆ ಬಾಯಲ್ಲಿ ಹೇಳಿದರೆ ಸಾಲದು, ಕರಡಿನಲ್ಲೇ ಗೆರೆ ಎಳೆದು ಕೊಡಿ.

'ನೈದರ್ 1 ನಾರ್ 2' ಎಂಬ ಆಯ್ಕೆಯನ್ನು '1 ಮತ್ತು 2 ಎರಡೂ ಅಲ್ಲ' ಎಂದು ಬರೆಯುವುದನ್ನು ನೋಡಿದ್ದೇನೆ. ಇದಕ್ಕೆ ಎರಡು ಅರ್ಥ ಬರುತ್ತದೆ. 'ಎರಡೂ ಒಟ್ಟಿಗೆ ಅಲ್ಲ, ಒಂದು ಇರಬಹುದು' ಎಂದೂ ಓದಬಹುದು. '1 ಕೂಡ ಅಲ್ಲ, 2 ಕೂಡ ಅಲ್ಲ' ಎಂದು ಬರೆದರೆ ಗೊಂದಲವಿಲ್ಲ.

ಲಿಂಗದ ಸುಳಿವು ಕನ್ನಡಕ್ಕೇ ವಿಶೇಷವಾದ ಸಮಸ್ಯೆ. 'ವಿಚ್ ರೂಲರ್ ಆಫ್ ಕಿತ್ತೂರು' ಎಂದು ಇಂಗ್ಲಿಷ್‌ನಲ್ಲಿ ಕೇಳಿದರೆ ಗಂಡೋ ಹೆಣ್ಣೋ ಗೊತ್ತಾಗುವುದಿಲ್ಲ. '1824ರಲ್ಲಿ ಬ್ರಿಟಿಷರ ವಿರುದ್ಧ ಹೋರಾಡಿದ ಕಿತ್ತೂರಿನ ರಾಣಿ ಯಾರು' ಎಂದರೆ ಚೆನ್ನಮ್ಮನ ಹೆಸರನ್ನು ಅರ್ಧ ಹೇಳಿದಂತೆ. 'ಹೋರಾಡಿದವಳು' ಎಂದರೂ ಅಷ್ಟೇ. '1824ರಲ್ಲಿ ಕಿತ್ತೂರಿನಲ್ಲಿ ಬ್ರಿಟಿಷರ ವಿರುದ್ಧದ ಹೋರಾಟದ ನಾಯಕತ್ವ ವಹಿಸಿದವರು ಯಾರು' ಎಂದು ಬಹುವಚನದಲ್ಲಿ ಕೇಳಿದರೆ ಸುಳಿವು ಹೋಗುತ್ತದೆ. ಓದಲೂ ಸಹಜವಾಗಿರುತ್ತದೆ.

ಕನ್ನಡದಿಂದ ಇಂಗ್ಲಿಷ್‌ಗೆ ಹೋಗುವಾಗ

ಮೂಲ ಪ್ರಶ್ನೆ ಕನ್ನಡದಲ್ಲಿದ್ದರೆ ಹೆಚ್ಚು ಕಾಡುವುದು 'ಬಗ್ಗೆ ಬರೆಯಿರಿ'. 'ವಚನ ಚಳವಳಿಯ ಬಗ್ಗೆ ಬರೆಯಿರಿ' ಎಂಬಲ್ಲಿ ಆದೇಶವೇ ಇಲ್ಲ. ಇಂಗ್ಲಿಷ್‌ಗೆ ತರುವವರು ಅಲ್ಲಿ ಡಿಸ್ಕಸ್ ಎಂದೋ ಎಕ್ಸ್‌ಪ್ಲೇನ್ ಎಂದೋ ತಮಗೆ ತೋಚಿದ್ದನ್ನು ಹಾಕುತ್ತಾರೆ. ಹಾಗೆ ಊಹಿಸುವ ಬದಲು ಸ್ಕೀಮ್ ನೋಡಿ, ಕನ್ನಡದಲ್ಲೇ ಮೊದಲು ಆದೇಶ ಪದ ಹಾಕಿ, ಆಮೇಲೆ ಅನುವಾದ ಮಾಡಿ.

ಇನ್ನೊಂದು, ಕನ್ನಡದ ಮಾತನ್ನು ಇಂಗ್ಲಿಷ್‌ನಲ್ಲಿ ಎಷ್ಟು ಬಿಡಿಸಬೇಕು ಎಂಬುದು. 'ಕಾಯಕವೇ ಕೈಲಾಸ ಎಂಬುದರ ಅರ್ಥವೇನು' ಎಂಬ ಪ್ರಶ್ನೆಯನ್ನು 'ವರ್ಕ್ ಈಸ್ ವರ್ಶಿಪ್' ಎಂದು ಮಾಡಿದರೆ ಪ್ರಶ್ನೆಯೂ ಹೋಯಿತು, ಶರಣರ ಮಾತೂ ಹೋಯಿತು. ಅಲ್ಲಿ ಉಳಿಯುವುದು ಕಚೇರಿ ಗೋಡೆಯ ಮೇಲಿನ ಬರಹ ಮಾತ್ರ. ಆ ಮಾತನ್ನು ಇಂಗ್ಲಿಷ್ ಲಿಪಿಯಲ್ಲಿ ಹಾಗೇ ಇಡಿ. ಇಂಗ್ಲಿಷ್ ಮಾಧ್ಯಮದ ಪಠ್ಯದಲ್ಲೂ ಅದು ಹಾಗೇ ಇದ್ದರೆ ಪ್ರಶ್ನೆ ಸಮನಾಗುತ್ತದೆ, ಇಲ್ಲದಿದ್ದರೆ ಆ ಪ್ರಶ್ನೆ ದ್ವಿಭಾಷಾ ಪತ್ರಿಕೆಗೆ ತಕ್ಕದ್ದಲ್ಲ. ಬಿರುದುಗಳಿಗೂ ಇದೇ ಮಾತು. ಇಮ್ಮಡಿ ಪುಲಕೇಶಿಯ 'ದಕ್ಷಿಣಪಥೇಶ್ವರ' ಎಂಬುದರ ಅರ್ಥ ಕೇಳಿದರೆ ಕನ್ನಡದವರು ಪದ ಒಡೆದು ಹೇಳಿಬಿಡುತ್ತಾರೆ. ಆ ಬಿರುದು ಯಾರದ್ದು ಎಂದು ಕೇಳಿ, ಇಬ್ಬರಿಗೂ ನೆನಪೇ ಬೇಕಾಗುತ್ತದೆ.

ಕೊನೆಯ ಹಂತ: ತೂಕ ಸಮ ಇದೆಯೇ ಪರೀಕ್ಷಿಸಿ

ಅನುವಾದ ಮುಗಿದ ಮೇಲೆ ಒಂದು ರಾತ್ರಿ ಬಿಟ್ಟು, ಇಂಗ್ಲಿಷ್ ಮುಚ್ಚಿಟ್ಟು ಕನ್ನಡ ಮಾತ್ರ ಓದಿ. ನಂತರ ಪತ್ರಿಕೆಯ ಕೆಲಸದಲ್ಲೇ ಇರುವ, ಮೂಲ ನೋಡಿರದ ಇನ್ನೊಬ್ಬ ಉಪನ್ಯಾಸಕರಿಗೆ ಕನ್ನಡ ಪ್ರತಿ ಕೊಡಿ. ಮರಳಿ ಇಂಗ್ಲಿಷ್‌ಗೆ ಅನುವಾದ ಮಾಡಿ ಎನ್ನಬೇಡಿ. 'ಪ್ರತಿ ಪ್ರಶ್ನೆಗೂ ಸ್ಕೀಮ್ ಬರೆಯಿರಿ' ಎನ್ನಿ. ಮರು ಅನುವಾದದಲ್ಲಿ ಪದಗಳು ಹೊಂದಿಬಿಡುತ್ತವೆ. ನನ್ನ 'ಪತನವನ್ನು ವಿವರಿಸಿ' ಕೂಡ ಮರಳಿ 'ಎಕ್ಸ್‌ಪ್ಲೇನ್ ದ ಫಾಲ್' ಆಗಿ ಸರಿಯೆಂದೇ ಕಾಣುತ್ತಿತ್ತು. ಸ್ಕೀಮ್ ಬರೆಯಲು ಹೇಳಿದ್ದರೆ ಅವರು ಯುದ್ಧಕ್ಕೆ ನಾಲ್ಕು ಅಂಕ, ಲೂಟಿಗೆ ಎರಡು ಅಂಕ ಎಂದು ಬರೆಯುತ್ತಿದ್ದರು, ತಪ್ಪು ಅಲ್ಲೇ ಸಿಗುತ್ತಿತ್ತು. ಎರಡು ಸ್ಕೀಮ್ ಪಕ್ಕಪಕ್ಕ ಇಟ್ಟು, ಅಂಕ ಹಂಚಿಕೆ ಬೇರೆಯಾದ ಪ್ರಶ್ನೆಗಳನ್ನು ಮತ್ತೆ ತಿದ್ದಿ.

ಪರೀಕ್ಷೆ ಮುಗಿದ ಮೇಲೂ ಒಂದು ಲೆಕ್ಕ ನೋಡಬೇಕು. ಎರಡೂ ಮಾಧ್ಯಮದವರ ಸರಾಸರಿ ಅಂಕ ಬೇರೆ ಇದ್ದ ಮಾತ್ರಕ್ಕೆ ಅನುವಾದ ಕೆಟ್ಟಿದೆ ಎನ್ನಲಾಗದು. ಅದಕ್ಕೆ ನೂರು ಕಾರಣ ಇರುತ್ತವೆ. ನೋಡಬೇಕಾದದ್ದು ಒಂದೊಂದೇ ಪ್ರಶ್ನೆಯನ್ನು. ಉದಾಹರಣೆಗೆ, ಹತ್ತು ಅಂಕದ ಉಳಿದ ಪ್ರಶ್ನೆಗಳಲ್ಲೆಲ್ಲ ಎರಡು ಗುಂಪಿನ ನಡುವೆ ಅರ್ಧ ಅಂಕದ ಅಂತರವಿದ್ದು, ಒಂದರಲ್ಲಿ ಮಾತ್ರ ಮೂರು ಅಂಕವಾದರೆ ಆ ಪ್ರಶ್ನೆಯ ಮಾತನ್ನು ನೋಡಿ. ಹತ್ತಿಪ್ಪತ್ತು ಪತ್ರಿಕೆಗಳಿಂದ ಇದು ಖಚಿತವಾಗುವುದಿಲ್ಲ. ಆದರೆ ಯಾವ ಉತ್ತರಗಳನ್ನು ತೆಗೆದು ಓದಬೇಕು ಎಂದಂತೂ ಗೊತ್ತಾಗುತ್ತದೆ. ಒಂದು ಗುಂಪಿನವರೆಲ್ಲ ಒಂದೇ ರೀತಿ ದಾರಿ ತಪ್ಪಿದ್ದರೆ ತಪ್ಪು ಅವರದ್ದಲ್ಲ.

ವಿಜಯನಗರದ ಆ ಪ್ರಶ್ನೆಯನ್ನು ಈಗ ನಾನು ಹೀಗೆ ಬರೆಯುತ್ತೇನೆ: 'ವಿಜಯನಗರ ಸಾಮ್ರಾಜ್ಯದ ಅವನತಿಗೆ ಕಾರಣಗಳೇನು? ವಿವರಿಸಿ.' ಇಂಗ್ಲಿಷ್‌ನ 'ಫಾಲ್' ಎಂಬುದನ್ನು 'ಡಿಕ್ಲೈನ್' ಮಾಡಿಸುತ್ತೇನೆ. 1565ರ ನಂತರವೂ ಅರವೀಡು ಮನೆತನದವರು ಪೆನುಕೊಂಡದಿಂದ ಆಳಿದರು. 'ಪತನ' ಎಂದರೆ ಮಕ್ಕಳ ಕಣ್ಣಿಗೆ ಒಂದೇ ದಿನದ ಯುದ್ಧ ಕಾಣುತ್ತದೆ, 'ಅವನತಿ' ಎಂದರೆ ಅದರ ಹಿಂದಿನ ಮತ್ತು ಮುಂದಿನ ವರ್ಷಗಳೂ ಕಾಣುತ್ತವೆ.

ಅವತ್ತು ಪತ್ರಿಕೆ ತಿದ್ದುವ ಕೊಠಡಿಯಲ್ಲಿ ಮಧ್ಯಾಹ್ನದ ಹೊತ್ತಿಗೆ ಕೆಲಸ ನಿಲ್ಲಿಸಿದೆವು. ಕನ್ನಡ ಪ್ರತಿಯ ಮಾತಿಗೆ ತಕ್ಕಂತೆ ಯುದ್ಧ ಮತ್ತು ಪರಿಣಾಮಗಳಿಗೂ ಅಂಕ ಸೇರಿಸಿ ಸ್ಕೀಮ್ ತಿದ್ದಿದೆವು. ಯಾವ ಓದಿನಿಂದ ಬರೆದಿದ್ದರೂ ಪೂರ್ತಿ ಅಂಕ ಸಿಗುವಂತೆ ಮಾಡಿ, ಆಗಲೇ ತಿದ್ದಿ ಮುಗಿಸಿದ್ದ ಕಟ್ಟುಗಳನ್ನು ಮತ್ತೆ ಬಿಚ್ಚಿದೆವು. ಲೂಟಿಯ ಬಗ್ಗೆ ಒಂದು ಪುಟ ಬರೆದಿದ್ದ ಆ ಹುಡುಗಿಗೆ ಮೊದಲು ಎರಡು ಅಂಕ ಬಿದ್ದಿತ್ತು. ಎರಡನೇ ಸಲ ಎಂಟು ಬಂತು.